ಆನ್‌ಲೈನ್ ಅಂಗಡಿ ಐದು ದಿನ ನಿಂತರೆ ವಿಮೆ ಎಷ್ಟು ಕೊಡುತ್ತದೆ?

ದಾವಣಗೆರೆಯಲ್ಲಿ ಕೂತು ಮೊಳಕಾಲ್ಮೂರು ಸೀರೆಗಳನ್ನು ಸ್ವಂತ ವೆಬ್‌ಸೈಟಿನಲ್ಲಿ ಮಾರುವ ಒಬ್ಬರನ್ನು ಊಹಿಸಿಕೊಳ್ಳಿ. ತಿಂಗಳಿಗೆ 6 ಲಕ್ಷದ ವ್ಯಾಪಾರ, ಅಂದರೆ ದಿನಕ್ಕೆ 20,000 ರೂಪಾಯಿ. ಒಂದು ಬೆಳಿಗ್ಗೆ ನೋಡಿದರೆ ಆರ್ಡರ್, ಸ್ಟಾಕ್, ಬಿಲ್ಲಿನ ಫೈಲುಗಳೆಲ್ಲ ಲಾಕ್ ಆಗಿವೆ. ಬೀಗ ತೆಗೆಯಲು ದುಡ್ಡು ಕೊಡಿ ಎಂಬ ಸಂದೇಶ ಬಂದಿದೆ. ಇದು ರ್ಯಾನ್ಸಮ್‌ವೇರ್. ಎಲ್ಲ ಸರಿಹೋಗಲು ಐದು ದಿನ ಹಿಡಿಯಿತು. ಸೈಬರ್ ವಿಮೆ ಇದೆಯಲ್ಲ, ಒಂದು ಲಕ್ಷ ಬರಬೇಕು, ಅಲ್ವಾ?

ಬರುವುದಿಲ್ಲ. ವಿಮೆಯವರು ನೋಡುವುದು ಮಾರಾಟವನ್ನಲ್ಲ, ಅದರಲ್ಲಿ ಕೈಗೆ ಉಳಿಯಬೇಕಿದ್ದ ಹಣವನ್ನು. 20,000ದಲ್ಲಿ 14,000 ನೇಕಾರರಿಗೆ, ಪ್ಯಾಕಿಂಗ್‌ಗೆ, ಕೊರಿಯರ್‌ಗೆ ಹೋಗುತ್ತದೆ ಎನ್ನೋಣ. ಸೀರೆ ಮಾರದಿದ್ದರೆ ಆ ಖರ್ಚೂ ಇಲ್ಲ. ಬಾಡಿಗೆ, ಸಂಬಳ, ಲಾಭ ಎಲ್ಲ ಉಳಿದ 6,000ದಲ್ಲೇ ಬರಬೇಕು. ದಿನದ ನಷ್ಟ ಅಷ್ಟೇ. ಜೊತೆಗೆ ಮೊದಲ ಕೆಲವು ಗಂಟೆಗಳು ಲೆಕ್ಕಕ್ಕಿಲ್ಲ, ಅದು ವೇಟಿಂಗ್ ಪೀರಿಯಡ್. ಅದು 12 ಗಂಟೆಯಾದರೆ ಉಳಿಯುವುದು ನಾಲ್ಕೂವರೆ ದಿನ, 27,000 ರೂಪಾಯಿ. ಆ ನಡುವೆ ವಾಟ್ಸಾಪಿನಲ್ಲಿ 30,000ದ ಸೀರೆ ಹೋಗಿದ್ದರೆ ಅದರಲ್ಲಿ ಉಳಿದ 9,000ವನ್ನೂ ಕಳೆಯುತ್ತಾರೆ. ಕೊನೆಗೆ ಸಿಗುವುದು 18,000.

ಚಿಕ್ಕ ವ್ಯಾಪಾರಿಗೆ ದೊಡ್ಡ ಪೆಟ್ಟು ಬೇರೆ ಕಡೆಯಿಂದ ಬೀಳುತ್ತದೆ. ಈಗಿನ ರ್ಯಾನ್ಸಮ್‌ವೇರ್ ಗುಂಪುಗಳು ಬೀಗ ಹಾಕುವ ಮುಂಚೆ ಮಾಹಿತಿಯನ್ನು ಕದ್ದಿಟ್ಟುಕೊಳ್ಳುವುದೇ ಜಾಸ್ತಿ. ಹಾಗಾಗಿ ಗ್ರಾಹಕರ ಹೆಸರು, ವಿಳಾಸ, ಫೋನ್ ನಂಬರ್ ಹೊರಗೆ ಹೋಯಿತೇ ಎಂದು ತಜ್ಞರು ಪತ್ತೆ ಮಾಡಬೇಕು, ಫೈಲುಗಳನ್ನು ಮತ್ತೆ ಕಟ್ಟಬೇಕು, ಗ್ರಾಹಕರಿಗೆ ತಿಳಿಸಬೇಕು, ವಕೀಲರನ್ನು ಕೇಳಬೇಕು. ಇದಕ್ಕೆಲ್ಲ 2 ಲಕ್ಷ ಎಂದಿಟ್ಟುಕೊಳ್ಳಿ.

ಹಾಗಾದರೆ ಎಷ್ಟರ ಪಾಲಿಸಿ ಬೇಕು? ಕೆಟ್ಟ ತಿಂಗಳನ್ನು ಹಿಡಿದು ಲೆಕ್ಕ ಹಾಕಿ. ದೀಪಾವಳಿಗೆ ವ್ಯಾಪಾರ ಮೂರು ಪಟ್ಟು ಇರುತ್ತದೆ, ಆಗಲೇ ಹದಿನಾಲ್ಕು ದಿನ ಅಂಗಡಿ ನಿಂತಿತು ಎನ್ನೋಣ. ಹದಿಮೂರೂವರೆ ದಿನಕ್ಕೆ 18,000ದಂತೆ 2.43 ಲಕ್ಷ, ತಜ್ಞರ ಖರ್ಚು ಸೇರಿ 4.43 ಲಕ್ಷ. ಈಗ ಪಾಲಿಸಿ ತೆಗೆದು ನೋಡಿ. ಮೇಲೆ 10 ಲಕ್ಷ ಎಂದಿರುತ್ತದೆ, ಒಳಗೆಲ್ಲೋ ರ್ಯಾನ್ಸಮ್‌ವೇರ್‌ಗೆ ಅದರ ಕಾಲು ಭಾಗ ಮಾತ್ರ ಎಂಬ ಸಬ್-ಲಿಮಿಟ್ ಇರಬಹುದು. ಆಗ ನಿಮ್ಮದು 2.5 ಲಕ್ಷದ ಪಾಲಿಸಿ ಅಷ್ಟೇ! ಒಂದು ಕೋಟಿಯ ಪಾಲಿಸಿಗೆ ಸುಮ್ನೆ ಪ್ರೀಮಿಯಂ ಕಟ್ಟುವುದಕ್ಕಿಂತ ಈ ಒಳಮಿತಿಯನ್ನು 5 ಲಕ್ಷಕ್ಕೆ ಏರಿಸಿಕೊಡುತ್ತೀರಾ ಎಂದು ಕೇಳುವುದು ಜಾಣತನ. ಹಬ್ಬದ ಮಾರಾಟವನ್ನು ತೋರಿಸಲು ಹಿಂದಿನ ವರ್ಷದ ಜಿಎಸ್‌ಟಿ ರಿಟರ್ನ್ ನೆರವಾಗುತ್ತದೆ. ಆ ಪ್ರತಿಯನ್ನು ಇದೇ ಕಂಪ್ಯೂಟರಿನಲ್ಲಿ ಮಾತ್ರ ಇಡಬೇಡಿ.

ದೊಡ್ಡ ಮಾರುಕಟ್ಟೆ ಜಾಲತಾಣಗಳಲ್ಲಿ ಮಾರುವವರು ಇನ್ನೊಂದನ್ನು ಕೇಳಬೇಕು. ಆ ತಾಣವೇ ಕೆಟ್ಟು ನಿಂತರೆ ಪರಿಹಾರ ಉಂಟೇ? ಅನೇಕ ಪಾಲಿಸಿಗಳು ನಿಮ್ಮ ಸ್ವಂತ ಸಿಸ್ಟಮ್ ನಿಂತಾಗ ಮಾತ್ರ ಕೊಡುತ್ತವೆ.

ಅರ್ಜಿಯಲ್ಲಿ ಬ್ಯಾಕಪ್ ಇದೆಯೇ, ಲಾಗಿನ್‌ಗೆ ಪಾಸ್‌ವರ್ಡ್ ಜೊತೆ ಒಟಿಪಿಯೂ ಇದೆಯೇ ಎಂದು ಕೇಳುತ್ತಾರೆ. ಇಲ್ಲದ್ದಕ್ಕೆ ಹೌದು ಎಂದು ಬರೆದರೆ ಕ್ಲೇಮ್ ಅಲ್ಲೇ ಸಿಕ್ಕಿಬೀಳುತ್ತದೆ. ಸದಾ ಕಂಪ್ಯೂಟರಿಗೆ ಸಿಕ್ಕಿಸಿಟ್ಟ ಹಾರ್ಡ್ ಡಿಸ್ಕನ್ನು ಬ್ಯಾಕಪ್ ಎಂದು ನಂಬಬೇಡಿ, ಅದೂ ಲಾಕ್ ಆಗುತ್ತದೆ. ದಾಳಿ ನಡೆದಾಗ ಅವಸರದಲ್ಲಿ ಫಾರ್ಮ್ಯಾಟ್ ಹೊಡೆದರೆ ಸಾಕ್ಷಿ ಅಳಿಯುತ್ತದೆ. ಇಂಟರ್ನೆಟ್ ಮಾತ್ರ ಕಿತ್ತು, ಮೊದಲು ವಿಮೆಯವರ ತುರ್ತು ನಂಬರಿಗೆ ಫೋನ್ ಮಾಡಿ. ಅವರ ಒಪ್ಪಿಗೆ ಇಲ್ಲದೆ ಕೊಟ್ಟ ಸುಲಿಗೆ ಹಣ ವಾಪಸ್ ಬರುವುದು ಕಷ್ಟ. 2022ರ ಆದೇಶದಂತೆ ಇಂಥ ದಾಳಿಯನ್ನು ಗಮನಿಸಿದ 6 ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್‌ಗೂ ತಿಳಿಸಬೇಕು.