ಎರಡು ಭಾಷೆಯ ಘಟನೆ ಫಾರಂ: ಉತ್ತರಕ್ಕೂ ಎರಡೆರಡು ಖಾನೆ ಬೇಕಾ?

ಪ್ರಶ್ನೆ: ಕುಂಬಳೆ ಹತ್ತಿರ ನಮ್ಮದೊಂದು ಸಣ್ಣ ಗೇರುಬೀಜ ಕಾರ್ಖಾನೆ. ಯಾರಿಗಾದರೂ ಪೆಟ್ಟಾದರೆ ಬರೆದಿಡಲು ಇಂಗ್ಲಿಷ್ ಫಾರಂ ಇದೆ. ಕೆಲಸದವರಲ್ಲಿ ಹೆಚ್ಚಿನವರು ಬರೆಯುವುದು ಕನ್ನಡ, ಇನ್ಶೂರೆನ್ಸ್‌ನವರು ಕೇಳುವುದು ಇಂಗ್ಲಿಷ್. ಎಡಗಡೆ ಕನ್ನಡ, ಬಲಗಡೆ ಇಂಗ್ಲಿಷ್ ಅಂತ ಎರಡು ಸಾಲು ಖಾನೆ ಮಾಡಿದರೆ ಸಾಕಾ?

ಉತ್ತರ: ಬೇಡ. ಪ್ರಶ್ನೆ ಎರಡು ಭಾಷೆಯಲ್ಲಿರಲಿ, ಉತ್ತರದ ಖಾನೆ ಒಂದೇ ಇರಲಿ.

ಯಾಕೆ ಅಂತ ಹೇಳುತ್ತೇನೆ. ನೀವು ಹೇಳುವಂಥದ್ದೇ ಒಂದು ಫಾರಂ ನಾನು ನೋಡಿದ್ದೇನೆ. ಕನ್ನಡದ ಖಾನೆಯಲ್ಲಿ ಹೆಂಗಸೊಬ್ಬರು ಬರೆದಿದ್ದರು: ‘ಬೀಜ ಒಣಗಿಸುವ ಬೋರ್ಮಾದಿಂದ ಟ್ರೇ ಎಳೆಯುವಾಗ ಹಿಡಿ ಕಳಚಿತು, ಕೈ ಸುಟ್ಟಿತು.’ ಪಕ್ಕದ ಇಂಗ್ಲಿಷ್ ಖಾನೆ ತುಂಬಿದ್ದು ಮೇಸ್ತ್ರಿ. ಅದರಲ್ಲಿದ್ದದ್ದು, ಕೆಲಸದವಳ ಅಜಾಗ್ರತೆಯಿಂದ ಕೈ ಸುಟ್ಟಿದೆ ಅಂತ. ಹಿಡಿಯ ಸುದ್ದಿಯೇ ಇಲ್ಲ! ಒಂದೇ ಕಾಗದ, ಎರಡು ಕಥೆ. ಮೇಲಿನವರು ಓದಿದ್ದು ಇಂಗ್ಲಿಷ್ ಮಾತ್ರ, ಹಾಗಾಗಿ ಹಿಡಿ ರಿಪೇರಿ ಆಗಲಿಲ್ಲ.

ಆದ್ದರಿಂದ ಹೀಗೆ ಮಾಡಿ. ಕನ್ನಡದ ಪ್ರಶ್ನೆ ಮೇಲೆ, ದಪ್ಪ ಅಕ್ಷರದಲ್ಲಿ. ಅದರ ಕೆಳಗೆ ಇಂಗ್ಲಿಷ್, ಸ್ವಲ್ಪ ಸಣ್ಣದಾಗಿ. ಆಮೇಲೆ ಖಾನೆ.

```
4. ಏನಾಯಿತು? ನೀವು ಕಂಡದ್ದನ್ನು ಬರೆಯಿರಿ.
   What happened? Write what you saw.
   ______________________________
   ______________________________
```

ಗಾಯಗೊಂಡವರೋ ಕಂಡವರೋ ತಮಗೆ ಬರುವ ಭಾಷೆಯಲ್ಲಿ ಬರೆಯಲಿ. ಇಂಗ್ಲಿಷ್ ಅನುವಾದಕ್ಕೆ ಹಾಳೆಯ ಹಿಂಬದಿಯಲ್ಲಿ ಬೇರೆ ಜಾಗ ಕೊಡಿ, ಅನುವಾದ ಮಾಡಿದವರ ಹೆಸರು, ಸಹಿ, ತಾರೀಕಿನ ಜೊತೆ. ಮೇಸ್ತ್ರಿಗೆ ಅಭಿಪ್ರಾಯ ಇದ್ದರೆ ಅದಕ್ಕೂ ಅವರದೇ ಹೆಸರಿನ ಖಾನೆ ಇರಲಿ. ಆಗ ಯಾವುದು ಕಂಡದ್ದು, ಯಾವುದು ಅನಿಸಿದ್ದು ಅಂತ ಬೆರೆಯುವುದಿಲ್ಲ.

‘ಘಟನೆಯ ಸಂಕ್ಷಿಪ್ತ ವಿವರಣೆ’ ಅಂತ ಹಾಕಿದರೆ ಜನ ಪೆನ್ನು ಹಿಡಿದು ಸುಮ್ನೆ ಕೂರುತ್ತಾರೆ. ‘ಏನಾಯಿತು?’ ಅಂದರೆ ಬರೆಯುತ್ತಾರೆ. ತಲೆಬರಹದಲ್ಲೂ ‘ಅಪಘಾತ’ ಬೇಡ. ಆ ಪದ ಕೇಳಿದರೆ ನಮಗೆ ನೆನಪಾಗುವುದು ರಸ್ತೆ, ಬಸ್ಸು, ಬೈಕು. ಟ್ರೇ ಜಾರಿ ಯಾರಿಗೂ ತಾಗದೆ ಬಿದ್ದದ್ದನ್ನು ಯಾರೂ ಅಪಘಾತ ಅನ್ನುವುದಿಲ್ಲ, ಬರೆಯುವುದೂ ಇಲ್ಲ. ‘ಪೆಟ್ಟಾಯಿತು’, ‘ಸ್ವಲ್ಪದರಲ್ಲಿ ತಪ್ಪಿತು’ ಅಂತ ಎರಡು ಟಿಕ್ ಖಾನೆ ಮೊದಲೇ ಕೊಟ್ಟುಬಿಡಿ.

ಇನ್ನು ಪೆಟ್ಟು ಎಲ್ಲಿಗೆ ಅನ್ನುವ ಪ್ರಶ್ನೆ. ನಿಜವಾದ ತೊಡಕು ಇಲ್ಲಿದೆ. ಇಂಗ್ಲಿಷಿನಲ್ಲಿ ಹ್ಯಾಂಡ್ ಬೇರೆ, ಆರ್ಮ್ ಬೇರೆ. ಫುಟ್ ಬೇರೆ, ಲೆಗ್ ಬೇರೆ. ನಮಗೆ ಬೆರಳ ತುದಿಯಿಂದ ಹೆಗಲವರೆಗೆ ಎಲ್ಲವೂ ಕೈ, ಸೊಂಟದಿಂದ ಕೆಳಗೆ ಎಲ್ಲವೂ ಕಾಲು. ‘ಕಾಲಿಗೆ ಪೆಟ್ಟು’ ಅಂತ ಬರೆದದ್ದು ಒಬ್ಬರ ಅನುವಾದದಲ್ಲಿ ಪಾದ, ಇನ್ನೊಬ್ಬರ ಅನುವಾದದಲ್ಲಿ ತೊಡೆ ಆಗಬಹುದು. ಪದದ ಪಟ್ಟಿ ಮಾಡುವ ಬದಲು ಮನುಷ್ಯನ ಎರಡು ರೇಖಾಚಿತ್ರ ಹಾಕಿ, ಎದುರಿನಿಂದ ಒಂದು, ಬೆನ್ನಿನಿಂದ ಒಂದು. ಪೆಟ್ಟಾದ ಜಾಗಕ್ಕೆ ಸುತ್ತು ಹಾಕಲಿ. ಆದರೆ ಚಿತ್ರದಲ್ಲಿ ‘ಎಡ’, ‘ಬಲ’ ಅಂತ ಅಚ್ಚು ಹಾಕುವುದನ್ನು ಮರೆಯಬೇಡಿ. ನಮ್ಮ ಎದುರು ನಿಂತ ಚಿತ್ರದ ಎಡಗೈ ಇರುವುದು ನಮ್ಮ ಬಲಗಡೆ, ಅಲ್ವಾ? ಬರೆಯದಿದ್ದರೆ ಅರ್ಧ ಜನ ತಪ್ಪು ಕೈಗೆ ಸುತ್ತು ಹಾಕುತ್ತಾರೆ.

ಸಮಯಕ್ಕೆ ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ರಾತ್ರಿ ಅಂತ ಟಿಕ್ ಕೊಡಿ. ರಾತ್ರಿ ಪಾಳಿ ಇದ್ದರೆ ‘ರಾತ್ರಿ 12 ಕಳೆದಿದ್ದರೆ ಮರುದಿನದ ತಾರೀಕು ಹಾಕಿ’ ಅಂತ ಒಂದು ಸಾಲು ಸೇರಿಸಿ. ಭಾನುವಾರ ರಾತ್ರಿ 1 ಗಂಟೆ ಅಂದರೆ ನಮ್ಮ ಬಾಯಲ್ಲಿ ಇನ್ನೂ ಭಾನುವಾರವೇ, ರಿಜಿಸ್ಟರಿನಲ್ಲಿ ಸೋಮವಾರ.

ಲೇಔಟ್ ಮಾಡುವವರಿಗೆ ಒಂದು ಮಾತು. ಇಂಗ್ಲಿಷಿಗೆ ಇಟ್ಟ ಸಾಲಿನ ಅಂತರವನ್ನೇ ಕನ್ನಡಕ್ಕೂ ಇಟ್ಟರೆ ಒತ್ತಕ್ಷರ ಕೆಳಗಿನ ಗೆರೆಗೆ ತಾಗುತ್ತದೆ. ‘ಮೇಸ್ತ್ರಿ’ ಅಂತ ಟೈಪ್ ಮಾಡಿ ನೋಡಿ, ಗೊತ್ತಾಗುತ್ತದೆ. ಕನ್ನಡ 12 ಪಾಯಿಂಟ್, ಸಾಲಿನ ಅಂತರ ಒಂದೂವರೆ ಪಟ್ಟು, ಕೈಬರಹದ ಗೆರೆಗಳ ನಡುವೆ 1 ಸೆಂಟಿಮೀಟರ್. ಇಷ್ಟಿದ್ದರೆ ನಡೆಯುತ್ತದೆ. ಯೂನಿಕೋಡ್ ಫಾಂಟ್ ಬಳಸಿ. ಹಳೆಯ ಫಾಂಟಿನ ಫೈಲು ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆ ಬರುತ್ತದೆ.

ಮಲಯಾಳಂ ಮಾತ್ರ ಓದುವವರೂ ನಿಮ್ಮಲ್ಲಿ ಇದ್ದೇ ಇರುತ್ತಾರೆ, ಕಾಸರಗೋಡು ಅಲ್ವಾ. ಹಾಗಂತ ಮೂರು ಭಾಷೆಯನ್ನು ಒಂದೇ ಹಾಳೆಗೆ ತುರುಕಬೇಡಿ. ಮಲಯಾಳಂ-ಇಂಗ್ಲಿಷ್ ಹಾಳೆ ಬೇರೆ ಮಾಡಿ, ಪ್ರಶ್ನೆಗಳ ನಂಬರ್ ಮಾತ್ರ ಅದೇ ಇರಲಿ. ಎರಡರಲ್ಲೂ 4 ಅಂದರೆ ‘ಏನಾಯಿತು?’.

ಅಚ್ಚಿಗೆ ಕೊಡುವ ಮೊದಲು, ಈ ಫಾರಂ ನೋಡಿಯೇ ಇಲ್ಲದ ಮೂವರಿಗೆ ಟ್ರೇ ಬಿದ್ದ ಕಥೆ ಬಾಯಲ್ಲಿ ಹೇಳಿ, ತುಂಬಲು ಕೊಡಿ. ನೀವು ಬಾಯಿ ಬಿಡಬೇಡಿ. ಯಾವ ಖಾನೆಯ ಮೇಲೆ ಪೆನ್ನು ನಿಂತಿತೋ, ಯಾವ ಖಾನೆ ಬಂದಾಗ ನಿಮ್ಮ ಮುಖ ನೋಡಿದರೋ, ಅಲ್ಲಿನ ಮಾತು ಬದಲಾಯಿಸಿ.