ಬೆಟ್ಟದ ಒಡೆಯನಿಗೆ ಹದಿನಾರು ಮನೆ

ತುಮಕೂರಿನ ನಮ್ಮ ಬಡಾವಣೆಯ ಗುಡಿಯಲ್ಲಿ ಪ್ರತಿ ಶನಿವಾರ ಭಜನೆ ಇರುತ್ತದೆ. ಹಳೆಯ ಹಾಡುಗಳು ಎಲ್ಲರ ಬಾಯಿಗೂ ಬರುತ್ತವೆ. ತೊಂದರೆ ಆಗುವುದು ಹೊಸ ಹಾಡಿಗೆ. ಸಾಹಿತ್ಯದ ಹಾಳೆ ಕೈಗೆ ಕೊಟ್ಟರೆ ಪದ ಓದುತ್ತಾರೆ, ಆದರೆ ಎಲ್ಲಿ ಎಳೆಯಬೇಕು, ಎಲ್ಲಿ ಬಿಡಬೇಕು ಅಂತ ಗೊತ್ತಾಗದೆ ಪಕ್ಕದವರ ಬಾಯಿ ನೋಡುತ್ತಾರೆ. ದೇವರಾಯನದುರ್ಗದ ನರಸಿಂಹನ ಮೇಲೆ ಎರಡು ಸಾಲಿನ ಒಂದು ಭಜನೆ ಮಾಡಿದಾಗ, ಸಾಹಿತ್ಯದ ಕೆಳಗೇ ಸ್ವರ ಬರೆದು ಕೊಟ್ಟೆ. ಆ ಹಾಳೆಯನ್ನು ಮೂರು ಸಲ ತಿದ್ದಬೇಕಾಯಿತು.

ಹಾಡು ಇಷ್ಟೇ:

ಬೆಟ್ಟದ ಒಡೆಯಾ ಬಾರೋ ಬಾರೋ
ದುರ್ಗದ ನರಸಿಂಹಾ ಬಾರೋ

ಮೋಹನ ರಾಗ, ಆದಿ ತಾಳ. ಮೋಹನ ಆರಿಸಿಕೊಂಡಿದ್ದಕ್ಕೆ ಕಾರಣ ಇದೆ. ಅದರಲ್ಲಿ ಸ ರಿ ಗ ಪ ದ ಅಂತ ಐದೇ ಸ್ವರ. ಹಾರ್ಮೋನಿಯಂನಲ್ಲಿ ಒಂದು, ನಾಲ್ಕು ಅಥವಾ ಐದನೇ ಶ್ರುತಿಯನ್ನು ಷಡ್ಜ ಮಾಡಿಕೊಂಡರೆ ಐದೂ ಬಿಳಿ ಮನೆಗಳಲ್ಲೇ ಸಿಗುತ್ತವೆ. ಹೆಂಗಸರು ಜಾಸ್ತಿ ಇರುವ ನಮ್ಮ ಗುಂಪಿಗೆ ಐದನೇ ಶ್ರುತಿ ಹಿಡಿಸುತ್ತದೆ. ರಾಗ, ತಾಳ, ಶ್ರುತಿ ಈ ಮೂರನ್ನೂ ಹಾಳೆಯ ತಲೆಯಲ್ಲಿ ಬರೆಯಲೇಬೇಕು. ಬರಿ 'ರಿ' ಅಂತ ಬರೆದರೆ ಅದು ಯಾವ ರಿಷಭ ಅಂತ ಹೇಳುವುದು ರಾಗದ ಹೆಸರೇ.

ಸ್ವರ ಬರೆಯುವ ಮುಂಚೆ ಎಣಿಕೆ ಆಗಬೇಕು. ಆದಿ ತಾಳದ ಎಂಟು ಎಣಿಕೆ ಗೊತ್ತಲ್ವಾ: ಒಂದು ಪೆಟ್ಟು, ಮೂರು ಬೆರಳು, ಆಮೇಲೆ ಪೆಟ್ಟು-ಹುಸಿ ಎರಡು ಸಲ. ಒಂದು ಎಣಿಕೆಗೆ ಎರಡು ಮನೆ ಇಟ್ಟರೆ ಸಾಲಿಗೆ ಹದಿನಾರು ಮನೆ. ಎಂಟು, ನಾಲ್ಕು, ನಾಲ್ಕು ಮನೆಗಳಾದ ಮೇಲೆ ಅಡ್ಡಗೆರೆ ಬರುತ್ತದೆ. ಇನ್ನು ಹಾಡಿನ ಅಕ್ಷರಗಳನ್ನು ಈ ಮನೆಗಳಲ್ಲಿ ಕೂರಿಸಬೇಕು. ಶಾಲೆಯಲ್ಲಿ ಕಲಿತ ಲಘು-ಗುರು ಇಲ್ಲಿ ಕೆಲಸಕ್ಕೆ ಬರುತ್ತದೆ. ಲಘುವಿಗೆ ಒಂದು ಮನೆ, ಗುರುವಿಗೆ ಎರಡು. 'ಬಾ' ದೀರ್ಘ, ಅದಕ್ಕೆ ಎರಡು. 'ಬೆ' ಹ್ರಸ್ವವೇ, ಆದರೆ ಮುಂದೆ ಒತ್ತಕ್ಷರ ಇರುವುದರಿಂದ ಅದೂ ಗುರು. ಹಾಗೆ ಎಣಿಸಿದರೆ 'ಬೆಟ್ಟದ' ನಾಲ್ಕು, 'ಒಡೆಯಾ' ನಾಲ್ಕು, 'ಬಾರೋ ಬಾರೋ' ಎಂಟು. ಹದಿನಾರು ಸರಿಯಾಗಿ ತುಂಬಿತು.

ನಾನು ಮೊದಲು ಎಡವಿದ್ದು ಈ ಒತ್ತಕ್ಷರದಲ್ಲೇ. 'ಬೆ – ಟ್ಟ ದ' ಅಂತ ಬರೆದಿದ್ದೆ. ಎಲ್ಲರೂ 'ಬೆ' ಅಂದು ಎಳೆದು, ಮೂರನೇ ಮನೆಯಲ್ಲಿ ಟ್ಟ ಪೂರ್ತಿಯನ್ನು ಒಟ್ಟಿಗೆ ಹಾಕಿದರು. ಅದು 'ಬೇಟ' ಅಂತ ಕೇಳಿಸಿತು. 'ದುರ್ಗ'ದಲ್ಲಿ ಇನ್ನೂ ಕಷ್ಟ. ಅರ್ಕಾವತ್ತು ಬರೆಯುವುದು ಗಕಾರದ ಆಮೇಲೆ, ಉಚ್ಚಾರ ಮಾತ್ರ ಗಕಾರಕ್ಕಿಂತ ಮೊದಲು. ಹೊಸಬರು ಕಣ್ಣಿಗೆ ಕಂಡ ಹಾಗೆ ಹಾಡಿ ರಕಾರವನ್ನು ತಡವಾಗಿ ತಂದರು. ಈಗ ನಾನು ಒತ್ತಕ್ಷರವನ್ನು ಒಡೆದು, ಅರ್ಧಾಕ್ಷರಕ್ಕೆ ಅದರದ್ದೇ ಮನೆ ಕೊಡುತ್ತೇನೆ. ಮೊದಲ ಮನೆಯಲ್ಲಿ 'ಬೆ', ಎರಡನೆಯದರಲ್ಲಿ 'ಟ್', ಮೂರರಲ್ಲಿ 'ಟ', ನಾಲ್ಕರಲ್ಲಿ 'ದ'. ನಾಲಿಗೆ ಎರಡನೇ ಮನೆಯಲ್ಲಿ ನಿಲ್ಲಬೇಕು ಅಂತ ಬೇರೆ ಹೇಳುವುದೇ ಬೇಡ, ಹಾಳೆ ನೋಡಿದರೆ ಗೊತ್ತಾಗುತ್ತದೆ.

ಎರಡನೇ ಸಾಲು ಬೇರೆ ಥರದ್ದು. 'ದುರ್ಗದ' ನಾಲ್ಕು, 'ನರಸಿಂ' ನಾಲ್ಕು, ಅಲ್ಲಿಗೆ ಎಂಟು ಮನೆ ಮುಗಿಯಿತು. ಉಳಿದ 'ಹಾ' ಗೆರೆಯ ಆಚೆ ಹೋಗುತ್ತದೆ. ಪದ ಎರಡು ತುಂಡಾಯಿತು ಅನ್ನಿಸಿದರೂ ಹಾಡಿಗೆ ಇದು ಚೆಂದ, ಯಾಕೆಂದರೆ ಎಳೆಯುವ 'ಹಾ' ಸರಿಯಾಗಿ ಪೆಟ್ಟಿನ ಮೇಲೆ ಬೀಳುತ್ತದೆ. ಆದರೆ ಪದ ಪದವಾಗಿ ಜಾಗ ಬಿಟ್ಟು ಬರೆದರೆ ಇದು ಕಾಣುವುದೇ ಇಲ್ಲ. ನರಸಿಂಹಾ ಅಂತ ಒಟ್ಟಿಗೆ ಓದಿ, ಗೆರೆಗೆ ಮೊದಲೇ ಮುಗಿಸಿ, ಆಮೇಲೆ ನಾಲ್ಕು ಮನೆ ಸುಮ್ನೆ ಕಾಯುತ್ತಾರೆ. ಅದಕ್ಕೇ ಪೂರ್ತಿ ಸಾಲನ್ನು ಮೇಲೆ ಒಮ್ಮೆ ಓದುವುದಕ್ಕೆ ಅಂತ ಬರೆದು, ಅದರ ಕೆಳಗೆ ಬಿಡಿ ಅಕ್ಷರಗಳ ಸಾಲು, ಅದರ ಕೆಳಗೆ ಸ್ವರ. ಸಂಗೀತದ ಪುಸ್ತಕಗಳಲ್ಲಿ ಸ್ವರ ಮೇಲೆ, ಸಾಹಿತ್ಯ ಕೆಳಗೆ ಇರುವುದೇ ಹೆಚ್ಚು. ಭಜನೆಗೆ ಬರುವವರ ಕಣ್ಣು ಮೊದಲು ಹೋಗುವುದು ಸಾಹಿತ್ಯದ ಮೇಲೆ, ಹಾಗಾಗಿ ನಾನು ತಿರುಗಿಸಿ ಇಟ್ಟಿದ್ದೇನೆ.

ಬೆ ಟ್ ಟ ದ ಒ ಡೆ ಯಾ – | ಬಾ – ರೋ – | ಬಾ – ರೋ – ||
ಗ , ಗ ರಿ ಸ ರಿ ಗ , | ಪ , ಗ , | ರಿ , ಸ , ||

ದು ರ್ ಗ ದ ನ ರ ಸಿಂ – | ಹಾ – – – | ಬಾ – ರೋ – ||
ಸ , ರಿ ಗ ಪ ಪ ದ , | ಪ , , , | ಗ ರಿ ಸ , ||

ಅಲ್ಪವಿರಾಮ ಅಂದರೆ ಹಿಂದಿನ ಸ್ವರವನ್ನೇ ಇನ್ನೊಂದು ಮನೆ ಹಿಡಿಯುವುದು. ಎರಡು ಮನೆಗೆ ಅರ್ಧವಿರಾಮ ಹಾಕುವ ರೂಢಿ ಇದೆ. ಹೊಸಬರಿಗೆ ಅದನ್ನು ಕೊಡುವುದಿಲ್ಲ. ಒಂದು ಮನೆಗೆ ಒಂದೇ ಗುರುತು ಇದ್ದರೆ ಬೆರಳಿಟ್ಟು ಎಣಿಸಬಹುದು. ಕೊನೆಯ 'ಬಾ' ನೋಡಿ. ಮೇಲೆ ಗೀಟು ಇದೆ, ಕೆಳಗೆ ಅಲ್ಪವಿರಾಮದ ಬದಲು 'ರಿ' ಇದೆ. ಅಂದರೆ ಅದೇ ಅಕ್ಷರವನ್ನು ಹಿಡಿದು ಗಾಂಧಾರದಿಂದ ರಿಷಭಕ್ಕೆ ಇಳಿಯಬೇಕು.

ಮೂರನೇ ಸಲ ತಿದ್ದಿಸಿದವರು ಗುಂಪಿನ ಒಬ್ಬ ಹಿರಿಯರು. ಎರಡನೇ ಸಾಲಿನ ಮೂರನೇ ಮನೆ ಬಂದಾಗಲೆಲ್ಲ ಅವರ ದನಿ ಮೇಲೆ ಹೋಗುತ್ತಿತ್ತು. "ಯಾಕಮ್ಮಾ, ಇಲ್ಲಿ ರಿ ಅಲ್ವಾ?" ಅಂದೆ. "ಗ ಅಂತ ಬರೆದಿದೀರಲ್ಲ ಮೇಡಂ," ಅಂದರು. ಅವರು ಓದಿದ್ದು ದುರ್ಗದ ಗಕಾರವನ್ನು! ಅದರ ಪಕ್ಕದ 'ದ' ಕೂಡ ಸ್ವರದ ಹಾಗೇ ಕಾಣುತ್ತದೆ. ಕನ್ನಡದಲ್ಲಿ ಸ್ವರದ ಹೆಸರೂ ಹಾಡಿನ ಅಕ್ಷರವೂ ಒಂದೇ ಲಿಪಿ. ಸ, ಗ, ಮ, ಪ, ದ ಇಲ್ಲದ ಭಜನೆ ಎಲ್ಲಿದೆ? ಅವತ್ತಿನಿಂದ ಸ್ವರದ ಸಾಲನ್ನು ಕೆಂಪಿನಲ್ಲಿ, ಅಕ್ಷರ ಒಂದಿಷ್ಟು ಚಿಕ್ಕದು ಮಾಡಿ ಹಾಕುತ್ತೇನೆ. ಜೆರಾಕ್ಸ್ ತೆಗೆದರೆ ಕೆಂಪು ಕಪ್ಪಾಗುತ್ತದೆ. ಹಾಗಾಗಿ ಸ್ವರದ ಸಾಲಿನ ಹಿಂದೆ ತೆಳು ಬೂದು ಬಣ್ಣದ ಪಟ್ಟಿಯನ್ನೂ ಇಡುತ್ತೇನೆ.

ಕಂಪ್ಯೂಟರಿನಲ್ಲಿ ಟೈಪ್ ಮಾಡುವವರು ಸ್ಪೇಸ್ ಒತ್ತಿ ಒತ್ತಿ ಅಕ್ಷರದ ಕೆಳಗೆ ಸ್ವರ ಕೂರಿಸಬೇಡಿ. ಕನ್ನಡದಲ್ಲಿ 'ರ'ಕ್ಕೂ 'ಯಾ'ಕ್ಕೂ ಅಗಲ ಬೇರೆ ಬೇರೆ. ಫಾಂಟ್ ಬದಲಾದರೆ, ವಾಟ್ಸ್ಯಾಪಿನಲ್ಲಿ ಕಳಿಸಿದರೆ, ಎಲ್ಲವೂ ಜಾರಿ ಒಂದರ ಸ್ವರ ಇನ್ನೊಂದರ ಕೆಳಗೆ ಹೋಗಿರುತ್ತದೆ. ಹದಿನಾರು ಕಾಲಮ್ಮಿನ ಟೇಬಲ್ ಹಾಕಿ, ಒಂದೊಂದು ಮನೆಯಲ್ಲಿ ಒಂದೊಂದು ಅಕ್ಷರ ಬರೆದು, ಪಿಡಿಎಫ್ ಮಾಡಿ ಕಳಿಸಿ. ಮೇಲಿನ ಮತ್ತು ಕೆಳಗಿನ ಸ್ಥಾಯಿಯ ಚುಕ್ಕೆಗಳನ್ನು ನಾನು ಪ್ರಿಂಟ್ ಆದ ಮೇಲೆ ಪೆನ್ನಿನಲ್ಲೇ ಇಡುತ್ತೇನೆ. ಟೈಪ್ ಮಾಡಿದರೆ 'ರಿ', 'ನಿ'ಗಳ ಗುಡಿಸಿಗೆ ಚುಕ್ಕೆ ಅಂಟಿಕೊಂಡು ಕಾಣುವುದಿಲ್ಲ. ಈ ಹಾಡು ಸ-ದ ನಡುವೆಯೇ ಇರುವುದರಿಂದ ಆ ಗೋಜೇ ಇರಲಿಲ್ಲ.

ಹಾಳೆ ಸರಿ ಇದೆಯೇ ಅಂತ ನೋಡುವುದಕ್ಕೆ, ಹಾಡು ಒಮ್ಮೆಯೂ ಕೇಳಿರದ ಒಬ್ಬರನ್ನು ಕೂರಿಸಿಕೊಳ್ಳುತ್ತೇನೆ. ಮೊದಲು ರಾಗ ಇಲ್ಲದೆ, ತಾಳ ಹಾಕಿಕೊಂಡು ಅಕ್ಷರಗಳನ್ನು ಬರಿ ಮಾತಿನಲ್ಲಿ ಹೇಳಿ ಅನ್ನುತ್ತೇನೆ. ಅವರು ತಡವರಿಸಿದ ಮನೆಗೆ ಪೆನ್ಸಿಲಿನಲ್ಲಿ ಗುರುತು. ಒಬ್ಬರೇ ತಡವರಿಸಿದರೆ ಬಿಡಬಹುದು. ಇನ್ನೊಬ್ಬರೂ ಅದೇ ಮನೆಯಲ್ಲಿ ನಿಂತರೆ ಬರವಣಿಗೆಯಲ್ಲೇ ತಪ್ಪಿದೆ.

ಹಾಳೆಗೆ ಸಿಗದಿರುವುದು ಗಮಕ. 'ಸಿಂ' ಮೇಲಿನ ಧೈವತವನ್ನು ಪಂಚಮದಿಂದ ಜಾರಿಸಿಕೊಂಡು ಹೋದರೇ ಮೋಹನ ಅನ್ನಿಸುವುದು. ಅಲ್ಲಿ ಒಂದು ಸಣ್ಣ ಅಲೆಗೆರೆ ಎಳೆದು, ಆ ಜಾಗವನ್ನು ನಾನೇ ನಿಧಾನವಾಗಿ ಹಾಡಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಗುಂಪಿಗೆ ಕಳಿಸುತ್ತೇನೆ. ನಾಲ್ಕನೇ ಶನಿವಾರ ಸ್ವರದ ಸಾಲು ಇಲ್ಲದ ಹಾಳೆ ಕೊಡುತ್ತೇನೆ. ಬೇಕು ಅನ್ನುವವರು ಹಳೆಯದನ್ನು ಅದರ ಹಿಂದೆ ಮಡಚಿ ಇಟ್ಟುಕೊಂಡಿರುತ್ತಾರೆ.