‘ಸ್ಟೋರೇಜ್ ಫುಲ್’ ಅಂದಾಗ: ಕತ್ತರಿ ಹಾಕಬೇಕೋ, ಜಾಗ ಕೊಳ್ಳಬೇಕೋ?

ಮೊಬೈಲ್ ರಿಪೇರಿಗೆ ಬರುವವರಲ್ಲಿ ಈಗೀಗ ಒಂದು ಮಾತು ಜಾಸ್ತಿ ಕೇಳುತ್ತೇನೆ: “ಫೋನಿನಲ್ಲಿ 128 ಜಿಬಿ ಇದೆ, ಅರ್ಧವೂ ತುಂಬಿಲ್ಲ. ಆದರೂ ಸ್ಟೋರೇಜ್ ಫುಲ್ ಅಂತಿದೆಯಲ್ಲ?” ತುಂಬಿರುವುದು ಫೋನಲ್ಲ, ಗೂಗಲ್ ಖಾತೆ. ಪ್ರತಿ ಖಾತೆಗೆ ಉಚಿತವಾಗಿ ಸಿಗುವುದು 15 ಜಿಬಿ. ಜಿಮೇಲ್, ಡ್ರೈವ್, ಗೂಗಲ್ ಫೋಟೋಸ್ ಮೂರೂ ಅದರಲ್ಲೇ ಹಂಚಿಕೊಳ್ಳಬೇಕು. ಆಂಡ್ರಾಯ್ಡ್‌ನಲ್ಲಿ ವಾಟ್ಸಾಪ್ ಬ್ಯಾಕಪ್‌ಗೆ ಮೊದಲು ಲೆಕ್ಕವಿರಲಿಲ್ಲ. 2024ರಲ್ಲಿ ಹಂತಹಂತವಾಗಿ ಅದನ್ನೂ ಇದೇ 15 ಜಿಬಿಗೆ ಸೇರಿಸಿದರು. ವರ್ಷಗಟ್ಟಲೆ ಸುಮ್ಮನಿದ್ದ ಖಾತೆಗಳು ಒಮ್ಮೆಲೇ ಕೆಂಪಾದದ್ದಕ್ಕೆ ಇದೊಂದು ದೊಡ್ಡ ಕಾರಣ.

ಈ ಎಚ್ಚರಿಕೆಯನ್ನು ಪಕ್ಕಕ್ಕೆ ಸರಿಸಿ ಮುಂದೆ ಹೋಗುವವರೇ ಹೆಚ್ಚು. ಫೋನ್ ಎಂದಿನಂತೆ ಓಡುತ್ತಿರುತ್ತದೆ, ಹಾಗಾಗಿ ಏನೂ ಆಗಿಲ್ಲ ಅನ್ನಿಸುತ್ತದೆ. ಒಳಗೆ ಫೋಟೋ ಬ್ಯಾಕಪ್ ನಿಂತಿರುತ್ತದೆ, ವಾಟ್ಸಾಪ್ ಬ್ಯಾಕಪ್ ನಿಂತಿರುತ್ತದೆ, ಜಿಮೇಲ್‌ಗೆ ಹೊಸ ಮೇಲ್ ಬರುವುದೂ ನಿಲ್ಲುತ್ತದೆ. ಕಳಿಸಿದವರಿಗೆ ಅದು ವಾಪಸ್ ಹೋಗುತ್ತದೆಯೇ ಹೊರತು ನಿಮಗೆ ತಿಳಿಯುವುದಿಲ್ಲ. ಎಂಟು ತಿಂಗಳ ನಂತರ ಫೋನ್ ನೀರಿಗೆ ಬಿದ್ದಾಗಲೇ ಗೊತ್ತಾಗುವುದು, ಕ್ಲೌಡ್‌ನಲ್ಲಿರುವುದು ಎಂಟು ತಿಂಗಳ ಹಿಂದಿನ ಪ್ರತಿ ಎಂದು. ಇದನ್ನು ಈಗಲೇ ನೋಡಿಕೊಳ್ಳಬಹುದು: ವಾಟ್ಸಾಪ್ ಸೆಟ್ಟಿಂಗ್ಸ್‌ನ ‘Chats’ ಒಳಗೆ ‘Chat backup’ ತೆರೆದರೆ ಕೊನೆಯ ಬ್ಯಾಕಪ್‌ನ ದಿನಾಂಕವೂ ಗಾತ್ರವೂ ಕಾಣುತ್ತದೆ.

ಒಂದು ಎಚ್ಚರಿಕೆ. ‘ನಿಮ್ಮ ಕ್ಲೌಡ್ ತುಂಬಿದೆ, ಇಲ್ಲಿ ಒತ್ತಿ’ ಎನ್ನುವ ಎಸ್ಎಂಎಸ್, ಮೇಲ್‌ಗಳಲ್ಲಿ ವಂಚನೆಯವೂ ಬಹಳ. ಲಿಂಕ್ ಒತ್ತಬೇಡಿ. ಬ್ರೌಸರ್‌ನಲ್ಲಿ ನೀವೇ one.google.com/storage ಎಂದು ಟೈಪ್ ಮಾಡಿ ನೋಡಿ. ಯಾವುದು ಎಷ್ಟು ಜಾಗ ತಿಂದಿದೆ ಎಂಬ ಪಟ್ಟಿ ಅಲ್ಲಿದೆ. ಅದನ್ನು ನೋಡದೆ ಏನನ್ನೂ ಅಳಿಸಬಾರದು, ಏನನ್ನೂ ಕೊಳ್ಳಲೂಬಾರದು.

ಒಬ್ಬ ಪ್ರೌಢಶಾಲಾ ಶಿಕ್ಷಕಿಯ ಖಾತೆ ಹೀಗಿದೆ ಎಂದುಕೊಳ್ಳಿ: ಫೋಟೋಸ್ 8.2 ಜಿಬಿ, ವಾಟ್ಸಾಪ್ ಬ್ಯಾಕಪ್ 4.6, ಜಿಮೇಲ್ 1.8, ಡ್ರೈವ್ 0.4. ನಮ್ಮಲ್ಲಿಗೆ ಬರುವ ಖಾತೆಗಳು ಹೆಚ್ಚುಕಡಿಮೆ ಇದೇ ರೂಪದವು. ಅವರ ಕೈ ಮೊದಲು ಹೋಗುವುದು ಫೋಟೋಗಳ ಕಡೆಗೆ, ಅದೇ ದೊಡ್ಡದಾಗಿ ಕಾಣುತ್ತದಲ್ಲ. ಅಲ್ಲೇ ಅಪಾಯ. ಬ್ಯಾಕಪ್ ಆದ ಫೋಟೋವನ್ನು ಗೂಗಲ್ ಫೋಟೋಸ್‌ನಲ್ಲಿ ಅಳಿಸಿದರೆ ಕ್ಲೌಡ್‌ನಿಂದಲೂ ಹೋಗುತ್ತದೆ, ಫೋನಿನಿಂದಲೂ ಹೋಗುತ್ತದೆ. ‘Free up space’ ಗುಂಡಿಯ ಕೆಲಸ ಇದಕ್ಕೆ ತದ್ವಿರುದ್ಧ: ಅದು ಫೋನಿನ ಪ್ರತಿಯನ್ನು ಮಾತ್ರ ತೆಗೆಯುತ್ತದೆ, ಕ್ಲೌಡ್‌ನಲ್ಲಿ ಒಂದು ಎಂಬಿ ಜಾಗವೂ ಖಾಲಿಯಾಗುವುದಿಲ್ಲ. ಇನ್ನೊಂದು ತಮಾಷೆಯೂ ಇದೆ. 2021ರ ಜೂನ್ 1ಕ್ಕೆ ಮೊದಲು ‘ಹೈ ಕ್ವಾಲಿಟಿ’ಯಲ್ಲಿ ಏರಿಸಿದ ಫೋಟೋಗಳು 15 ಜಿಬಿ ಲೆಕ್ಕಕ್ಕೇ ಬಂದಿಲ್ಲ. ಮಗಳ ಮೊದಲ ಹುಟ್ಟುಹಬ್ಬದ ಹಳೆಯ ಫೋಟೋಗಳನ್ನು ಕಣ್ಣೀರಿಟ್ಟು ಅಳಿಸಿದರೂ ಜಾಗ ಒಂದಿಷ್ಟೂ ಖಾಲಿಯಾಗದಿರುವುದು ಇದಕ್ಕೇ.

ಹಾಗಾಗಿ ನಾನು ವಾಟ್ಸಾಪ್‌ನಿಂದ ಶುರು ಮಾಡಿಸುತ್ತೇನೆ. ಅಲ್ಲಿ ಭಾರವಾಗಿರುವುದು ಮಾತುಕತೆಯಲ್ಲ. ವರ್ಷಗಳ ಚಾಟ್ ಬರೀ ಅಕ್ಷರವಾಗಿ ತೀರಾ ಚಿಕ್ಕದು. ಭಾರ ಇರುವುದು ವಿಡಿಯೋಗಳಲ್ಲಿ, ಅದರಲ್ಲೂ ಗ್ರೂಪ್‌ಗಳಿಗೆ ಬಂದು ಬೀಳುವ ಶುಭೋದಯ, ಭಾಷಣ, ಸೀಮಂತದ ವಿಡಿಯೋಗಳಲ್ಲಿ. ‘Chat backup’ ಪುಟದಲ್ಲೇ ‘Include videos’ ಎಂಬುದನ್ನು ಆಫ್ ಮಾಡಬೇಕು. ಆಫ್ ಮಾಡಿದ ತಕ್ಷಣ ಜಾಗ ಬಿಡುವುದಿಲ್ಲ, ಹೊಸ ಬ್ಯಾಕಪ್ ಪೂರ್ತಿಯಾಗಬೇಕು. ಖಾತೆ ಕಂಠಮಟ್ಟ ತುಂಬಿದ್ದರೆ ಆ ಬ್ಯಾಕಪ್ಪೇ ಮುಗಿಯದೆ ಹೋಗಬಹುದು, ಆದ್ದರಿಂದ ಮೊದಲು ಜಿಮೇಲ್, ಡ್ರೈವ್‌ಗಳ ಕಸದಬುಟ್ಟಿ ಖಾಲಿ ಮಾಡಿ ಸ್ವಲ್ಪ ಎಡೆ ಮಾಡಿಕೊಳ್ಳಿ. ಬುಟ್ಟಿಯಲ್ಲಿ ಬಿದ್ದಿರುವುದೂ ಲೆಕ್ಕದಲ್ಲಿರುತ್ತದೆ. ಒಂದು ಮಾತು ನೆನಪಿರಲಿ: ವಿಡಿಯೋ ಬಿಟ್ಟು ಬ್ಯಾಕಪ್ ಮಾಡಿದರೆ ಹೊಸ ಫೋನಿಗೆ ಹೋದಾಗ ಚಾಟ್‌ನಲ್ಲಿ ಆ ವಿಡಿಯೋಗಳು ಇರುವುದಿಲ್ಲ. ಬೇಕಾದ ನಾಲ್ಕನ್ನು ಬೇರೆಡೆ ಇಟ್ಟುಕೊಳ್ಳಿ.

ಇಷ್ಟರಿಂದ ಶಿಕ್ಷಕಿಯ 4.6 ಜಿಬಿ 1.5ಕ್ಕೆ ಇಳಿಯಿತು. ಜಿಮೇಲ್‌ನ ಹುಡುಕಾಟದಲ್ಲಿ ಇದನ್ನು ಹಾಕಿದರು:

```
larger:10M older_than:2y
```

ಎರಡು ವರ್ಷಕ್ಕಿಂತ ಹಳೆಯ, 10 ಎಂಬಿಗಿಂತ ದೊಡ್ಡ ಮೇಲ್‌ಗಳೆಲ್ಲ ಸಾಲಾಗಿ ಬಂದವು. ಹೆಚ್ಚಿನವು ಪಠ್ಯದ ಪಿಡಿಎಫ್, ತರಬೇತಿಯ ಸ್ಲೈಡ್‌ಗಳು. ಬೇಡದ್ದನ್ನು ತೆಗೆದು ಬುಟ್ಟಿ ಖಾಲಿ ಮಾಡಿದಾಗ 0.9 ಜಿಬಿ ಸಿಕ್ಕಿತು.

ಫೋಟೋಸ್ ಕೊನೆಗೆ. ವಾಟ್ಸಾಪ್‌ನಿಂದ ಇಳಿದ ಚಿತ್ರಗಳ ಫೋಲ್ಡರನ್ನೂ ಬ್ಯಾಕಪ್ ಮಾಡು ಎಂದು ಯಾವಾಗಲೋ ಒಪ್ಪಿರುತ್ತೇವೆ. ಆಗ ಅದೇ ಶುಭೋದಯದ ಚಿತ್ರ ವಾಟ್ಸಾಪ್ ಬ್ಯಾಕಪ್‌ನಲ್ಲಿ ಒಮ್ಮೆ, ಫೋಟೋಸ್‌ನಲ್ಲಿ ಇನ್ನೊಮ್ಮೆ ಜಾಗ ತಿನ್ನುತ್ತದೆ. ಬ್ಯಾಕಪ್ ಸೆಟ್ಟಿಂಗ್ಸ್‌ನ ಫೋಲ್ಡರ್ ಪಟ್ಟಿಯಲ್ಲಿ ಅದನ್ನು ಆಫ್ ಮಾಡಿ. ಈಗಾಗಲೇ ಏರಿದ್ದು ಹಾಗೇ ಉಳಿಯುತ್ತದೆ. ‘Manage storage’ ಪುಟಕ್ಕೆ ಹೋದರೆ ದೊಡ್ಡ ವಿಡಿಯೋ, ಸ್ಕ್ರೀನ್‌ಶಾಟ್ ಎಂದು ಗುಂಪು ಮಾಡಿ ತೋರಿಸುತ್ತದೆ, ಅಲ್ಲಿಂದ ಆರಿಸಿ ಅಳಿಸಬೇಕು. ಇದರಿಂದ 2 ಜಿಬಿ ಬಂತು. ಒಟ್ಟು 6 ಜಿಬಿ, ಸ್ವಂತದ ಒಂದೂ ಫೋಟೋ ಹೋಗದೆ. ಅಂಕಿ ಬದಲಾಗಲು ಕೆಲವೊಮ್ಮೆ ಮರುದಿನದವರೆಗೆ ಹಿಡಿಯುತ್ತದೆ, ಗಾಬರಿಯಿಂದ ಇನ್ನಷ್ಟು ಅಳಿಸಲು ಹೋಗಬೇಡಿ.

ಕೊಳ್ಳಬೇಕೇ ಬೇಡವೇ ಎಂಬುದನ್ನು ಈ 6 ಜಿಬಿ ಒಂದೇ ಹೇಳುವುದಿಲ್ಲ. ತಿಂಗಳಿಗೆ ಎಷ್ಟು ಹೊಸದು ಸೇರುತ್ತದೆ ಎಂಬುದೂ ಬೇಕು. ಇವತ್ತಿನ ಅಂಕಿ ಬರೆದಿಟ್ಟು ಮುಂದಿನ ತಿಂಗಳು ಇದೇ ತಾರೀಖಿಗೆ ಮತ್ತೆ ನೋಡಿ. ಶಿಕ್ಷಕಿಗೆ ಸೇರಿದ್ದು 0.4 ಜಿಬಿ, ಅಂದರೆ ಒಂದು ವರ್ಷ ದಾಟಿ ಇನ್ನೂ ಮೂರು ತಿಂಗಳು ನಿಶ್ಚಿಂತೆ. ಅವರು ಈಗ ದುಡ್ಡು ಕೊಡುವ ಅಗತ್ಯವಿಲ್ಲ. ಆದರೆ ಮನೆಯಲ್ಲಿ ಪುಟ್ಟ ಮಗುವಿದ್ದು, ಅಪ್ಪ 4ಕೆಯಲ್ಲಿ ವಿಡಿಯೋ ತೆಗೆಯುತ್ತಾರೆ ಎನ್ನಿ. 4ಕೆ ವಿಡಿಯೋ ನಿಮಿಷಕ್ಕೆ 300 ಎಂಬಿ ದಾಟಬಹುದು. ವಾರಕ್ಕೆ ಐದು ನಿಮಿಷ ತೆಗೆದರೂ ತಿಂಗಳಿಗೆ 6 ಜಿಬಿ. ಅವರು ಇಡೀ ಭಾನುವಾರ ಕೂತು ಉಳಿಸಿದ ಜಾಗ ಒಂದೇ ತಿಂಗಳಿಗೆ ಮುಗಿಯುತ್ತದೆ. ಕತ್ತರಿಸಿ ಸಿಗುವ ಜಾಗ ಆರು ತಿಂಗಳೂ ಬಾಳದಿದ್ದರೆ ಕೊಂಡುಬಿಡಿ ಎಂಬುದು ನನ್ನ ಲೆಕ್ಕ.

ಕೊಳ್ಳುವ ಮುನ್ನ ಒಂದು ನಡುದಾರಿಯಿದೆ. ಗೂಗಲ್ ಫೋಟೋಸ್‌ನ ಬ್ಯಾಕಪ್ ಗುಣಮಟ್ಟವನ್ನು ‘Storage saver’ಗೆ ಬದಲಾಯಿಸಿದರೆ ಮುಂದಿನ ಫೋಟೋಗಳು 16 ಮೆಗಾಪಿಕ್ಸೆಲ್‌ಗೆ, ವಿಡಿಯೋಗಳು 1080ಪಿಗೆ ಇಳಿದು ಏರುತ್ತವೆ. ಈಗಾಗಲೇ ಇರುವುದನ್ನು ಕುಗ್ಗಿಸಲು ಕಂಪ್ಯೂಟರ್‌ನಲ್ಲಿ photos.google.com ಸೆಟ್ಟಿಂಗ್ಸ್‌ನಲ್ಲಿ ‘Recover storage’ ಇದೆ. ಕುಗ್ಗಿದ್ದು ಮತ್ತೆ ಹಿಗ್ಗುವುದಿಲ್ಲ, ಹಾಗಾಗಿ ಫೋನಿನಲ್ಲಿ ಮೂಲ ಪ್ರತಿ ಇಲ್ಲದವರು ಮೊದಲು ಅದನ್ನು ಹಾರ್ಡ್‌ಡಿಸ್ಕ್‌ಗೆ ಇಳಿಸಿ, ಕೆಲವನ್ನು ತೆರೆದು ನೋಡಿಯೇ ಮುಂದುವರಿಯಲಿ.

ದುಡ್ಡು ಕೊಡುವುದಾದರೆ ಗೂಗಲ್ ಒನ್‌ನ 100 ಜಿಬಿ ಪ್ಲಾನ್ ತಿಂಗಳಿಗೆ 130 ರೂಪಾಯಿಯ ಆಸುಪಾಸು, ವರ್ಷಕ್ಕೆ ಒಟ್ಟಿಗೆ ಕಟ್ಟಿದರೆ ಇನ್ನೂ ಕಡಿಮೆ. ಅದನ್ನು ಮನೆಯ ಇನ್ನೂ ಐದು ಜನರೊಂದಿಗೆ ಹಂಚಿಕೊಳ್ಳಬಹುದು. ಒಬ್ಬರ ಫೋಟೋ ಇನ್ನೊಬ್ಬರಿಗೆ ಕಾಣುವುದಿಲ್ಲ, ಜಾಗ ಮಾತ್ರ ಹಂಚಿಕೆ. ಅಪ್ಪ, ಅಮ್ಮ, ಅಜ್ಜಿ ಮೂವರ ಖಾತೆಯೂ ಕೆಂಪಾಗಿರುವ ಮನೆಗೆ ಮೂರು ಪ್ಲಾನ್ ಬೇಕಿಲ್ಲ. ಇದು ಬಾಡಿಗೆ ಮನೆ ಎಂಬುದು ಗೊತ್ತಿದ್ದೇ ಕೊಳ್ಳಿ. 60 ಜಿಬಿ ತುಂಬಿಸಿಕೊಂಡು ಪ್ಲಾನ್ ಬಿಟ್ಟರೆ ಮತ್ತೆ 15ರ ಮಿತಿಗೇ ಬರುತ್ತೀರಿ: ಇದ್ದದ್ದು ಕೂಡಲೇ ಅಳಿಯುವುದಿಲ್ಲ, ಆದರೆ ಹೊಸ ಬ್ಯಾಕಪ್ಪೂ ಹೊಸ ಮೇಲ್ ಬರುವುದೂ ನಿಲ್ಲುತ್ತವೆ, ಎರಡು ವರ್ಷ ಹಾಗೇ ಮಿತಿ ಮೀರಿದ್ದರೆ ಅಳಿಸುವ ಹಕ್ಕು ಗೂಗಲ್‌ಗಿದೆ. ಯುಪಿಐ ಆಟೋಪೇ ಇಟ್ಟವರು ಆ ಬ್ಯಾಂಕ್ ಖಾತೆ ಮುಚ್ಚುವಾಗ, ಬದಲಿಸುವಾಗ ಈ ಪಾವತಿಯನ್ನೂ ಹೊಸ ಖಾತೆಗೆ ಜೋಡಿಸಿಕೊಳ್ಳಬೇಕು.